ಗಿಟಾರ್ ಕೊಳ್ಳುವ ಮುನ್ನ ಅದರ ತಲೆ ನೋಡಿ

ಮಾರಾಟಕ್ಕಿರುವ ಎಲೆಕ್ಟ್ರಿಕ್ ಗಿಟಾರೊಂದರ ಫೋಟೊ ಕೈಗೆ ಬಂದಾಗ ಹೊಸಬರ ಕಣ್ಣು ಮೊದಲು ಹೋಗುವುದು ಬಣ್ಣಕ್ಕೆ, ಆಮೇಲೆ ಬಾಡಿಯ ಆಕಾರಕ್ಕೆ. ಎರಡು ಕೊಂಬು, ಬಿಳಿ ಪ್ಲೇಟು, ಸಾಲಾಗಿ ಮೂರು ಪಿಕಪ್ ಕಂಡರೆ ‘ಇದು ಫೆಂಡರ್’ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಬಾಡಿ ಹೇಳುವುದು ಗಿಟಾರ್ ಯಾವ ಬಗೆಯದು ಎಂಬುದನ್ನು ಮಾತ್ರ. ಅದು ಯಾವ ಕಂಪನಿಯದು ಎಂದು ತಿಳಿಯಬೇಕಾದರೆ ತಂತಿಗಳನ್ನು ಬಿಗಿಯುವ ಬಿರಡೆಗಳಿರುವ ಹೆಡ್‌ಸ್ಟಾಕ್ ನೋಡಬೇಕು. ಸೆಕೆಂಡ್ ಹ್ಯಾಂಡ್ ಗಿಟಾರ್ ಹುಡುಕುವವರು ಬೇರೇನೂ ಕಲಿಯದಿದ್ದರೂ ಈ ವ್ಯತ್ಯಾಸವನ್ನು ಕಲಿತರೆ ಹಣ ಉಳಿಯುತ್ತದೆ.

ಹೀಗೇಕೆ ಆಯಿತು ಎಂಬುದಕ್ಕೆ ಕಾರಣ ಮರಗೆಲಸದಲ್ಲಿಲ್ಲ, ಕಾನೂನಿನಲ್ಲಿದೆ. ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್ ಅವರ ಕಂಪನಿ 1954ರಲ್ಲಿ ಸ್ಟ್ರಾಟೊಕಾಸ್ಟರ್ ಗಿಟಾರನ್ನು ಹೊರತಂದಿತು. ಮುಂದಿನ ದಶಕಗಳಲ್ಲಿ ಜಪಾನ್, ಕೊರಿಯಾ, ಚೀನಾ, ಇಂಡೊನೇಷ್ಯಾದ ಎಷ್ಟೋ ಕಾರ್ಖಾನೆಗಳು ಅದೇ ಬಾಡಿಯನ್ನು ಬೇರೆ ಬೇರೆ ಹೆಸರಿನಲ್ಲಿ ಮಾಡಿ ಮಾರಿದವು. ಫೆಂಡರ್ ಕಂಪನಿ ಅರ್ಧ ಶತಮಾನದಷ್ಟು ಕಾಲ ಸುಮ್ಮನಿದ್ದು, ಬಳಿಕ ಸ್ಟ್ರಾಟೊಕಾಸ್ಟರ್, ಟೆಲಿಕಾಸ್ಟರ್ ಮತ್ತು ಪ್ರಿಸಿಷನ್ ಬಾಸ್‌ಗಳ ಬಾಡಿಯ ಆಕಾರವನ್ನು ತನ್ನ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಹೊರಟಿತು. ಬೇರೆ ತಯಾರಕರು ಒಟ್ಟಾಗಿ ತಕರಾರು ಎತ್ತಿದರು. ಆ ಆಕಾರಗಳು ಈಗಾಗಲೇ ಎಲ್ಲರ ಸ್ವತ್ತಾಗಿವೆ, ಅವನ್ನು ನೋಡಿದವರು ಒಂದೇ ಕಂಪನಿಯನ್ನು ನೆನೆಯುವುದಿಲ್ಲ ಎಂದು ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ 2009ರಲ್ಲಿ ತೀರ್ಪು ಕೊಟ್ಟಿತು. ಆದರೆ ಹೆಡ್‌ಸ್ಟಾಕಿನ ಆಕಾರವನ್ನು ಫೆಂಡರ್ ಬಹಳ ಮೊದಲೇ ತನ್ನದೆಂದು ಕಾಪಾಡಿಕೊಂಡಿತ್ತು. ಹಾಗಾಗಿ ಅಮೆರಿಕದಲ್ಲಿ ಯಾರು ಬೇಕಾದರೂ ಸ್ಟ್ರಾಟ್ ಬಾಡಿಯ ಗಿಟಾರ್ ಮಾಡಿ ಮಾರಬಹುದು, ಆದರೆ ಅದಕ್ಕೆ ಫೆಂಡರ್ ತಲೆ ಇಡುವಂತಿಲ್ಲ. ಮರ್ಯಾದಸ್ಥ ಕಂಪನಿಗಳು ತಲೆಗೆ ಬೇರೆ ಗೆರೆ ಎಳೆಯುತ್ತವೆ, ಒಂದು ಮೂಲೆ ಕತ್ತರಿಸುತ್ತವೆ ಅಥವಾ ತುದಿಯನ್ನು ಚೂಪು ಮಾಡುತ್ತವೆ. ಆ ಗೆರೆಯಲ್ಲೇ ಕಂಪನಿಯ ಗುರುತು ಇರುತ್ತದೆ.

ಗಿಬ್ಸನ್ ಕಂಪನಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಐಬನೇಜ್ ಗಿಟಾರ್‌ಗಳನ್ನು ಅಮೆರಿಕಕ್ಕೆ ತರಿಸುತ್ತಿದ್ದ ಎಲ್ಗರ್ ಕಂಪನಿಯ ಮೇಲೆ 1977ರಲ್ಲಿ ಗಿಬ್ಸನ್ ಕಡೆಯವರು ದಾವೆ ಹೂಡಿದಾಗ ಜಗಳವಿದ್ದದ್ದು ಹೆಡ್‌ಸ್ಟಾಕಿನ ಆಕಾರದ ಮೇಲೆ. ಅದು ರಾಜಿಯಲ್ಲಿ ಮುಗಿಯಿತು. ಇಂದಿಗೂ ಹಳೆಯ ಜಪಾನಿ ಕಾಪಿಗಳನ್ನೆಲ್ಲ ‘ಲಾಸೂಟ್ ಗಿಟಾರ್’ ಎಂದು ಕರೆದು ಬೆಲೆ ಏರಿಸುವ ರೂಢಿ ಇದೆ. ಆ ದಾವೆಗೂ ಅವುಗಳಲ್ಲಿ ಬಹುಪಾಲಿಗೂ ಯಾವ ಸಂಬಂಧವೂ ಇಲ್ಲ. ಮುಂದೆ ಲೆಸ್ ಪಾಲ್ ಬಾಡಿಯ ಆಕಾರಕ್ಕಾಗಿ ಪಿಆರ್‌ಎಸ್ ಕಂಪನಿಯ ಮೇಲೆ ಹೋದ ಮೊಕದ್ದಮೆಯಲ್ಲಿ 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಪಿಆರ್‌ಎಸ್ ಪರ ನಿಂತಿತು. ಗಿಬ್ಸನ್ ಆಮೇಲೂ ತನ್ನ ಬಾಡಿ ಆಕಾರಗಳಿಗಾಗಿ ಕೋರ್ಟಿಗೆ ಹೋಗಿದೆ. ಕೊಳ್ಳುವವರ ಮಟ್ಟಿಗೆ ಮಾತ್ರ ಪಾಠ ಒಂದೇ: ಬಾಡಿಯನ್ನು ನಂಬಿ ಕಂಪನಿಯ ಹೆಸರು ಹೇಳಬೇಡಿ.

ಹಾಗೆಂದು ಬಾಡಿಯನ್ನು ನೋಡುವುದೇ ಬೇಡವೆಂದಲ್ಲ. ಮೊದಲ ಜರಡಿ ಅದೇ. ಮೇಲಿನ ಕೊಂಬು ಉದ್ದ, ಕೆಳಗಿನದು ಗಿಡ್ಡ, ಅಂಚುಗಳೆಲ್ಲ ದುಂಡಗೆ ಸವೆಸಿದಂತಿದ್ದು, ಜ್ಯಾಕ್ ಹಾಕುವ ಜಾಗ ಮುಂಭಾಗದಲ್ಲೇ ದೋಣಿಯಾಕಾರದ ಲೋಹದ ಕುಳಿಯಲ್ಲಿದ್ದರೆ ಅದು ಸ್ಟ್ರಾಟ್ ಬಗೆ. ಒಂದೇ ಕಡೆ ಕೊರೆದ ಚಪ್ಪಟೆ ಹಲಗೆ, ಲೋಹದ ಉದ್ದ ಪಟ್ಟಿಯ ಮೇಲೆ ಎರಡು ಗುಬುಟು, ಜ್ಯಾಕ್ ಪಕ್ಕದ ಅಂಚಿನಲ್ಲಿದ್ದರೆ ಟೆಲಿ ಬಗೆ. ಒಂದೇ ಕೊರೆತವಿದ್ದು ಮುಂಭಾಗ ನಡುವಿನಲ್ಲಿ ಉಬ್ಬಿದ್ದು, ನಾಲ್ಕು ಗುಬುಟುಗಳಿದ್ದರೆ ಲೆಸ್ ಪಾಲ್ ಬಗೆ. ಎರಡೂ ಕೊಂಬು ಚೂಪಾಗಿ, ತೆಳುವಾದ ಬಾಡಿಯ ಅಂಚುಗಳನ್ನು ಓರೆಯಾಗಿ ಕೆತ್ತಿದ್ದರೆ ಎಸ್‌ಜಿ ಬಗೆ. ಹೊಸಬರ ಕಣ್ಣಿಗೆ ಬೀಳುವ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲಿ ಒಂದು, ಇಲ್ಲವೇ ಸ್ಟ್ರಾಟನ್ನೇ ಚೂಪುಗೊಳಿಸಿ 24 ಫ್ರೆಟ್ ಕೊಟ್ಟ ಐಬನೇಜ್ ಆರ್‌ಜಿಯಂಥವು.

ಇನ್ನು ತಲೆಗೆ ಬರೋಣ. ಫೆಂಡರ್ ತಲೆಯಲ್ಲಿ ಆರೂ ಬಿರಡೆಗಳು ಒಂದೇ ಬದಿಯಲ್ಲಿ ಸಾಲಾಗಿ ನಿಂತಿರುತ್ತವೆ. ಈ ಸಾಲು ಫೆಂಡರ್ ಕಂಪನಿಯ ಹೊಸ ಕಲ್ಪನೆಯೇನಲ್ಲ. ಪಾಲ್ ಬಿಗ್ಸ್‌ಬಿ 1948ರಲ್ಲಿ ಮರ್ಲ್ ಟ್ರಾವಿಸ್ ಅವರಿಗೆ ಮಾಡಿಕೊಟ್ಟ ಗಿಟಾರಿನಲ್ಲೂ ಇತ್ತು, ಹತ್ತೊಂಬತ್ತನೆಯ ಶತಮಾನದ ವಿಯೆನ್ನಾದ ಸ್ಟೌಫರ್ ಗಿಟಾರ್‌ಗಳಲ್ಲೂ ಇತ್ತು. ಆದ್ದರಿಂದ ಬಿರಡೆಗಳ ಸಾಲಿಗಿಂತ ಅಂಚಿನ ಗೆರೆಯನ್ನು ನೋಡಬೇಕು. ಸ್ಟ್ರಾಟ್ ತಲೆಯ ತುದಿ ಚೆಂಡಿನಂತೆ ದುಂಡಗಿದ್ದು, ಅದರ ಕೆಳಗೆ ಆಳವಾದ ಬಾಗು ಇರುತ್ತದೆ. ಟೆಲಿ ತಲೆ ಇನ್ನೂ ಕಿರಿದು, ಬಾಗು ಸೌಮ್ಯ. ಪಕ್ಕದಿಂದ ನೋಡಿದರೆ ಫೆಂಡರ್ ತಲೆ ಹಿಂದಕ್ಕೆ ವಾಲಿರುವುದಿಲ್ಲ, ನೆಕ್‌ಗೆ ಸಮಾನಾಂತರವಾಗಿ ಒಂದು ಮೆಟ್ಟಿಲು ಕೆಳಗಿಳಿದಂತೆ ಇರುತ್ತದೆ. ಹಾಗಿರುವುದರಿಂದ ತೆಳು ತಂತಿಗಳು ನಟ್‌ನಿಂದ ಮೇಲೇಳದಂತೆ ಒತ್ತಿಹಿಡಿಯಲು ಸಣ್ಣ ಲೋಹದ ಕೊಕ್ಕೆಗಳನ್ನು ಹಾಕಿರುತ್ತಾರೆ.

ಸ್ಟ್ರಾಟ್ ತಲೆಗೆ ಎರಡು ಅಳತೆಗಳಿವೆ ಎಂಬುದು ಕೊಳ್ಳುವವರಿಗೆ ತುಂಬ ಉಪಯೋಗಕ್ಕೆ ಬರುವ ಸಂಗತಿ. 1954ರಿಂದ 1965ರವರೆಗೆ ತಲೆ ಚಿಕ್ಕದು. 1965ರ ಆರಂಭದಲ್ಲಿ ಸಿಬಿಎಸ್ ಸಂಸ್ಥೆ ಫೆಂಡರ್ ಕಂಪನಿಯನ್ನು ಕೊಂಡಿತು, ಅದೇ ವರ್ಷ ತಲೆ ದೊಡ್ಡದಾಯಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಮತ್ತೆ ಚಿಕ್ಕ ತಲೆ ಬಂತು. ಇವತ್ತು ಫೆಂಡರ್ ಹೆಸರಿನ ಸಾಮಾನ್ಯ ಸ್ಟ್ರಾಟ್‌ಗಳಿಗೆ ಚಿಕ್ಕ ತಲೆಯೇ ಇದೆ. ದೊಡ್ಡ ತಲೆ ಸಿಗುವುದು ಎಪ್ಪತ್ತರ ದಶಕದ ಮಾದರಿಯ ಮರುಸೃಷ್ಟಿಗಳಲ್ಲಿ, ಕೆಲವು ಕಲಾವಿದರ ಹೆಸರಿನ ಮಾದರಿಗಳಲ್ಲಿ, ಮತ್ತು ಮುಖ್ಯವಾಗಿ ಅಗ್ಗದ ಸ್ಕ್ವಾಯರ್ ಅಫಿನಿಟಿ, ಈಗ ನಿಂತಿರುವ ಬುಲೆಟ್ ಸರಣಿಗಳಲ್ಲಿ.

ಸ್ಕ್ವಾಯರ್ ಎಂದರೆ ಫೆಂಡರ್ ಕಂಪನಿಯದೇ ಇನ್ನೊಂದು ಹೆಸರು. ಮಿಷಿಗನ್‌ನ ತಂತಿ ತಯಾರಕ ವಿ.ಸಿ. ಸ್ಕ್ವಾಯರ್ ಕಂಪನಿಯನ್ನು ಫೆಂಡರ್ 1965ರಲ್ಲಿ ಕೊಂಡಿತ್ತು. ಜಪಾನಿನ ಒಳ್ಳೆಯ ಕಾಪಿಗಳು ಮಾರುಕಟ್ಟೆ ಕಸಿಯತೊಡಗಿದಾಗ 1982ರಲ್ಲಿ ಆ ಹೆಸರನ್ನು ಹೊರತೆಗೆದು, ಜಪಾನಿನಲ್ಲೇ ಗಿಟಾರ್ ಮಾಡಿಸಿ ಮಾರತೊಡಗಿತು. ಈಗ ಸ್ಕ್ವಾಯರ್‌ಗಳು ಇಂಡೊನೇಷ್ಯಾ ಮತ್ತು ಚೀನಾದಿಂದ ಬರುತ್ತವೆ. ಮನೆ ಒಂದೇ ಆದ್ದರಿಂದ ತಲೆಯ ಗೆರೆಯೂ ಒಂದೇ. ಮೋಸ ಹುಟ್ಟುವ ಜಾಗವೂ ಇದೇ: ಸ್ಕ್ವಾಯರ್ ಹೆಸರನ್ನು ಉಜ್ಜಿ ತೆಗೆದು ಫೆಂಡರ್ ಸ್ಟಿಕ್ಕರ್ ಅಂಟಿಸಿದರೆ ಆಕಾರದಲ್ಲಿ ಏನೂ ಬದಲಾಗುವುದಿಲ್ಲ, ಬೆಲೆ ಮಾತ್ರ ಸುಮಾರು ಮೂರು ಪಟ್ಟಾಗುತ್ತದೆ.

ಒಂದು ಉದಾಹರಣೆಯನ್ನು ಹಂತಹಂತವಾಗಿ ಬಿಡಿಸಿ ನೋಡೋಣ. ಬೆಂಗಳೂರಿನಲ್ಲಿ ಯಾರೋ ‘ಫೆಂಡರ್ ಸ್ಟ್ರಾಟ್, ಒರಿಜಿನಲ್, ಊರು ಬಿಡುತ್ತಿರುವುದರಿಂದ ಅರ್ಧ ಬೆಲೆ’ ಎಂದು ಜಾಹೀರಾತು ಹಾಕಿದ್ದಾರೆಂದು ಇಟ್ಟುಕೊಳ್ಳಿ. ಫೋಟೊದಲ್ಲಿ ಕಂದು ಸನ್‌ಬರ್ಸ್ಟ್ ಬಣ್ಣದ ಬಾಡಿ, ಬಿಳಿ ಪ್ಲೇಟು, ಮೂರು ಸಿಂಗಲ್ ಕಾಯಿಲ್ ಪಿಕಪ್, ತಲೆಯ ಮೇಲೆ ಫೆಂಡರ್ ಹೆಸರು. ಬಾಡಿಯಿಂದ ತಿಳಿದದ್ದು ಸ್ಟ್ರಾಟ್ ಬಗೆ ಎಂಬುದಷ್ಟೇ. ತಲೆಯ ಗೆರೆ ಸರಿಯಾಗಿದೆ, ಅಂದರೆ ಇದು ಬೇರೆ ಕಂಪನಿಯ ನೇರವಾದ ಕಾಪಿ ಅಲ್ಲ. ಆದರೆ ತಲೆ ದೊಡ್ಡದು. ಇಲ್ಲಿಂದ ಪ್ರಶ್ನೆಗಳು ಶುರುವಾಗಬೇಕು.

ಮೊದಲ ಪ್ರಶ್ನೆ, ಹೆಸರು ಬರೆದ ರೀತಿ ಯಾವುದು? 1954ರಿಂದ 1964ರವರೆಗಿನ ಫೆಂಡರ್ ಲೋಗೊ ತೆಳುವಾದ, ಬಳುಕುವ ಅಕ್ಷರಗಳದ್ದು. ಗಿಟಾರ್ ವ್ಯಾಪಾರದಲ್ಲಿ ಅದನ್ನು ಸ್ಪಗೆಟಿ ಲೋಗೊ ಎನ್ನುತ್ತಾರೆ. ಅರವತ್ತರ ದಶಕದ ಕೊನೆಯಿಂದ ಬಂದದ್ದು ದಪ್ಪ ಕಪ್ಪು ಅಕ್ಷರಗಳದ್ದು. ಸ್ಪಗೆಟಿ ಲೋಗೊ ಚಿಕ್ಕ ತಲೆಯ ಕಾಲದ್ದು, ದಪ್ಪ ಕಪ್ಪು ಲೋಗೊ ದೊಡ್ಡ ತಲೆಯ ಕಾಲದ್ದು. ನಮ್ಮ ಫೋಟೊದಲ್ಲಿ ದೊಡ್ಡ ತಲೆಯ ಮೇಲೆ ಸ್ಪಗೆಟಿ ಲೋಗೊ ಇದೆ. ಸ್ಟಿಕ್ಕರ್ ಅಂಟಿಸುವವರು ಸಿಕ್ಕ ಲೋಗೊ ಅಂಟಿಸುತ್ತಾರೆ, ಕಾಲದ ಹೊಂದಿಕೆ ನೋಡುವುದಿಲ್ಲ.

ಎರಡನೆಯದು, ನೆಕ್ ಒಳಗಿನ ಕಬ್ಬಿಣದ ಸರಳನ್ನು ಬಿಗಿಯುವ ಜಾಗ ಎಲ್ಲಿದೆ? ಆ ಸರಳನ್ನು ಟ್ರಸ್ ರಾಡ್ ಎನ್ನುತ್ತಾರೆ. 1965ರಿಂದ 1971ರವರೆಗಿನ ದೊಡ್ಡ ತಲೆಯ ಸ್ಟ್ರಾಟ್‌ಗಳಲ್ಲಿ ಅದನ್ನು ಬಿಗಿಯುವುದು ನೆಕ್‌ನ ಬುಡದಲ್ಲಿ, ತಲೆಯಲ್ಲಿ ತೂತು ಇರುವುದಿಲ್ಲ. 1971ರ ನಂತರ ತಲೆಯಲ್ಲಿ ಗುಂಡಿನಾಕಾರದ ನಟ್ಟು ಹೊರಗೆ ಕಾಣುತ್ತದೆ, ಬಾಡಿಯ ಹಿಂದೆ ನೆಕ್ ಹಿಡಿದ ಪ್ಲೇಟಿಗೆ ಮೂರೇ ಸ್ಕ್ರೂ. ನಮ್ಮ ಗಿಟಾರಿನಲ್ಲಿ ನಟ್‌ನ ಹಿಂದೆ ಅಲೆನ್ ಕೀ ಹೋಗುವ ಸಣ್ಣ ತೂತು ಇದೆ, ಹಿಂದಿನ ಪ್ಲೇಟಿಗೆ ನಾಲ್ಕು ಸ್ಕ್ರೂ. ಈ ಜೋಡಣೆ ಈಚಿನ ಕಾಲದ್ದು. ಆದ್ದರಿಂದ ಇದು ಎಪ್ಪತ್ತರ ದಶಕದ ಹಳೆಯ ಗಿಟಾರ್ ಎಂಬ ಮಾತನ್ನು ಬಿಟ್ಟುಬಿಡಬಹುದು.

ಮೂರನೆಯದೇ ನಿರ್ಣಾಯಕ: ತಲೆಯ ಹಿಂಭಾಗ. ಈಗಿನ ಮೆಕ್ಸಿಕೊ ತಯಾರಿಕೆಯ ಫೆಂಡರ್‌ಗಳಲ್ಲಿ ಅಲ್ಲಿ ದೇಶದ ಹೆಸರೂ ಸೀರಿಯಲ್ ನಂಬರೂ ಇರುತ್ತವೆ. 2010ರಿಂದೀಚೆಗಿನವುಗಳ ನಂಬರ್ ‘ಎಂಎಕ್ಸ್’ ಅಕ್ಷರಗಳಿಂದ ಶುರುವಾಗಿ ಮುಂದಿನ ಎರಡು ಅಂಕಿ ವರ್ಷ ಹೇಳುತ್ತವೆ, ಅಂದರೆ ಎಂಎಕ್ಸ್ 18 ಎಂದರೆ 2018. ಅಮೆರಿಕದಲ್ಲಿ ಮಾಡಿದವು ‘ಯುಎಸ್’ ಎಂದು ಶುರುವಾಗುತ್ತವೆ. ‘ಐಸಿಎಸ್’ ಎಂದು ಶುರುವಾದರೆ ಅದು ಇಂಡೊನೇಷ್ಯಾದ ಕೋರ್ಟ್ ಕಾರ್ಖಾನೆಯಲ್ಲಿ ಆದ ಸ್ಕ್ವಾಯರ್. ಮಾರುವವರು ಕಳಿಸಿದ ಮೊದಲ ಫೋಟೊಗಳಲ್ಲಿ ತಲೆಯ ಹಿಂಭಾಗ ಇಲ್ಲ. ಕೇಳಿದ ಮೇಲೆ ಕಳಿಸಿದ ಚಿತ್ರದಲ್ಲಿ ‘ಐಸಿಎಸ್ 18’ ಎಂಬಷ್ಟು ಓದಲು ಸಿಗುತ್ತದೆ. ಮೇಲೆ ಫೆಂಡರ್, ಹಿಂದೆ ಸ್ಕ್ವಾಯರ್. ಅಲ್ಲಿಗೆ ಉತ್ತರ ಸಿಕ್ಕಿತು.

ಖಚಿತಪಡಿಸಿಕೊಳ್ಳಲು ಕೈಗೆ ತೆಗೆದುಕೊಂಡು ನೋಡುವುದು ಇನ್ನೆರಡು. ತಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಆಮೇಲೆ ಅಂಟಿಸಿದ ಸ್ಟಿಕ್ಕರಿನ ಅಂಚು ಮೆರುಗಿನ ಮೇಲೆ ಎದ್ದು ಕಾಣುತ್ತದೆ, ಉಜ್ಜಿದ ಜಾಗದ ಹೊಳಪು ಸುತ್ತಲಿನದಕ್ಕಿಂತ ಬೇರೆಯಾಗಿರುತ್ತದೆ. ಬಾಡಿಯ ದಪ್ಪವನ್ನೂ ಅಳೆಯಿರಿ: ಪೂರ್ಣ ಅಳತೆಯ ಸ್ಟ್ರಾಟ್ ಬಾಡಿ ಸುಮಾರು 45 ಮಿಲಿಮೀಟರ್ ದಪ್ಪ, ಅಫಿನಿಟಿಯದು ಅದಕ್ಕಿಂತ ಕೆಲವು ಮಿಲಿಮೀಟರ್ ತೆಳು. ಇವೆಲ್ಲ ಕೂಡಿದರೆ ಇದು 2018ರ ಸ್ಕ್ವಾಯರ್ ಅಫಿನಿಟಿ. ಕಲಿಯುವವರಿಗೆ ಅದು ಕೆಟ್ಟ ಗಿಟಾರಲ್ಲ. ಆದರೆ ಕೊಡಬೇಕಾದದ್ದು ಬಳಸಿದ ಅಫಿನಿಟಿಯ ಬೆಲೆ, ಹೆಸರು ಉಜ್ಜಿದ್ದರಿಂದ ಅದಕ್ಕಿಂತ ಸ್ವಲ್ಪ ಕಡಿಮೆಯೇ. ಫೆಂಡರ್ ಬೆಲೆಯ ಅರ್ಧವನ್ನಂತೂ ಅಲ್ಲ.

ಈ ಲೆಕ್ಕಕ್ಕೆ ಸಿಗದ ಒಂದು ಗುಂಪಿದೆ. ಫೆಂಡರ್ ಕಂಪನಿ ತನ್ನ ತಲೆಯ ಆಕಾರದ ನೆಕ್‌ಗಳನ್ನು ಮಾಡಲು ವಾರ್ಮತ್, ಆಲ್‌ಪಾರ್ಟ್ಸ್‌ನಂಥ ಬಿಡಿಭಾಗ ತಯಾರಕರಿಗೆ ಪರವಾನಗಿ ಕೊಟ್ಟಿದೆ. ಅಂಥ ನೆಕ್‌ಗೆ ಯಾವುದೋ ಬಾಡಿ ಜೋಡಿಸಿದ ಗಿಟಾರಿಗೆ ಫೆಂಡರ್ ತಲೆ ನ್ಯಾಯವಾಗಿಯೇ ಬಂದಿರುತ್ತದೆ, ಆದರೂ ಅದು ಫೆಂಡರ್ ಅಲ್ಲ. ಅವುಗಳಲ್ಲಿ ಬಹಳ ಒಳ್ಳೆಯವೂ ಇವೆ. ಆದರೆ ಹೊಸಬರು ಇಂಥದ್ದಕ್ಕೆ ಕೈ ಹಾಕದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಜೋಡಿಸಿದವರ ಕೈಗುಣವನ್ನು ಅಳೆಯುವಷ್ಟು ಅನುಭವ ಆಗ ಇರುವುದಿಲ್ಲ, ಮತ್ತೆ ಮಾರಲು ಹೋದಾಗ ಬೆಲೆಯೂ ಸಿಗುವುದಿಲ್ಲ.

ಗಿಬ್ಸನ್ ತಲೆಯ ಲೆಕ್ಕ ಬೇರೆ. ಇಲ್ಲಿ ಬಿರಡೆಗಳು ಎರಡು ಬದಿಗೆ ಮೂರು ಮೂರು. ಮೇಲಂಚಿನ ಗೆರೆ ತೆರೆದಿಟ್ಟ ಪುಸ್ತಕದ ಎರಡು ಪುಟಗಳಂತೆ ಬಾಗಿ ನಡುವೆ ತಗ್ಗುತ್ತದೆ. ತಲೆ ಹಿಂದಕ್ಕೆ ವಾಲಿರುತ್ತದೆ, ಮಾಮೂಲಿ ಕೋನ 17 ಡಿಗ್ರಿ. ಟ್ರಸ್ ರಾಡ್ ಬಿಗಿಯುವ ಕುಳಿಯನ್ನು ಗಂಟೆಯಾಕಾರದ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಮುಚ್ಚಿರುತ್ತದೆ, ಅದಕ್ಕೆ ಎರಡು ಸ್ಕ್ರೂ. ಮೂರು ಸ್ಕ್ರೂ ಕಂಡರೆ ನಕಲಿ ಎಂದು ಅನುಮಾನಿಸಿ. ಮುಚ್ಚಳ ತೆಗೆಯಲು ಬಿಟ್ಟರೆ ಒಳಗೆ ನೋಡಿ: ಸಾಂಪ್ರದಾಯಿಕ ಲೆಸ್ ಪಾಲ್‌ನಲ್ಲಿ ಆರು ಮೂಲೆಯ ಹಿತ್ತಾಳೆ ನಟ್ಟು ಇರುತ್ತದೆ, ನಕಲಿಗಳಲ್ಲಿ ಹೆಚ್ಚಾಗಿ ಅಲೆನ್ ಕೀ ತೂತು. ನೆಕ್‌ನ ಹಿಂಭಾಗದಲ್ಲಿ ತಲೆಯ ಕೆಳಗೆ ಮರದ ತುಂಡುಗಳನ್ನು ಓರೆಯಾಗಿ ಬೆಸೆದ ಗೆರೆ ಕಂಡರೂ ಅದು ಗಿಬ್ಸನ್ ಕೆಲಸವಲ್ಲ. ಗಿಬ್ಸನ್ ನೆಕ್ ಮತ್ತು ತಲೆ ಒಂದೇ ಉದ್ದ ಮರದಿಂದ ಬಂದು, ತಲೆಯ ಅಗಲಕ್ಕಾಗಿ ಎರಡು ಅಂಚುಗಳಲ್ಲಿ ಮಾತ್ರ ಸಣ್ಣ ತುಂಡುಗಳು ಸೇರಿರುತ್ತವೆ.

ಇದರಿಂದಲೇ ಒಂದು ದೌರ್ಬಲ್ಯವೂ ಬಂದಿದೆ. ತಲೆ ವಾಲಿರುವಲ್ಲಿ ಮರದ ಎಳೆ ತುಂಡಾಗುತ್ತದೆ, ಅದೇ ಜಾಗದಲ್ಲಿ ಟ್ರಸ್ ರಾಡ್ ಕುಳಿಯೂ ಇದೆ. ಗಿಟಾರ್ ಬಿದ್ದರೆ ಮುರಿಯುವುದು ಅಲ್ಲಿಯೇ. ಆದ್ದರಿಂದ ಅಸಲಿ ಗಿಬ್ಸನ್ ಎಂದು ಖಾತ್ರಿಯಾದ ಮೇಲೂ ನಟ್‌ನ ಹಿಂಭಾಗದಲ್ಲಿ ಬೆರಳಾಡಿಸಿ ನೋಡಬೇಕು. ಕೂದಲೆಳೆಯ ಬಿರುಕು, ಮೆರುಗಿನ ಬಣ್ಣದಲ್ಲಿ ವ್ಯತ್ಯಾಸ ಕಂಡರೆ ಅದು ಮುರಿದು ಅಂಟಿಸಿದ್ದು. ಚೆನ್ನಾಗಿ ಅಂಟಿಸಿದ್ದು ಗಟ್ಟಿಯಾಗಿಯೇ ಇರುತ್ತದೆ, ಬೆಲೆ ಮಾತ್ರ ಗಣನೀಯವಾಗಿ ಇಳಿಯಬೇಕು.

ಮಾದರಿಯನ್ನೂ ತಲೆಯೇ ಹೇಳುತ್ತದೆ. ಲೆಸ್ ಪಾಲ್ ಕಸ್ಟಮ್ ತಲೆಯಲ್ಲಿ ಒಡೆದ ವಜ್ರದಂಥ ದೊಡ್ಡ ಅಲಂಕಾರವಿದ್ದು, ನೆಕ್ ಮೇಲೆ ಆಯತಾಕಾರದ ಮುತ್ತಿನ ಗುರುತುಗಳಿರುತ್ತವೆ. ಸ್ಟ್ಯಾಂಡರ್ಡ್‌ನಲ್ಲಿ ವಜ್ರದ ಬದಲು ಲೆಸ್ ಪಾಲ್ ಅವರ ಸಹಿ ಚಿನ್ನದ ಬಣ್ಣದಲ್ಲಿದ್ದು, ಗುರುತುಗಳು ಒಂದು ಬದಿ ಕಿರಿದಾದ ಚತುರ್ಭುಜಗಳು. ಸ್ಟುಡಿಯೊದಲ್ಲಿ ಬಾಡಿಯ ಅಂಚಿಗೆ ಬಿಳಿ ಪಟ್ಟಿ ಇರುವುದಿಲ್ಲ. ಕಸ್ಟಮ್ ಎಂದು ಮಾರುತ್ತಿರುವ ಗಿಟಾರಿನ ತಲೆಯಲ್ಲಿ ವಜ್ರವಿಲ್ಲದಿದ್ದರೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಫೆಂಡರ್ ಮನೆಗೆ ಸ್ಕ್ವಾಯರ್ ಇದ್ದಂತೆ ಗಿಬ್ಸನ್ ಮನೆಗೆ 1957ರಿಂದ ಎಪಿಫೋನ್ ಇದೆ. ಆದರೆ ಗಿಬ್ಸನ್ ತನ್ನ ಪುಸ್ತಕದಾಕಾರದ ಅಂಚನ್ನು ಬಹುಕಾಲ ಎಪಿಫೋನ್‌ಗೆ ಕೊಡಲಿಲ್ಲ. 2020ಕ್ಕೆ ಮುಂಚಿನ ಎಪಿಫೋನ್ ಲೆಸ್ ಪಾಲ್ ತಲೆ ಮೂಲೆ ಕತ್ತರಿಸಿದಂತಿರುತ್ತದೆ, 2020ರಲ್ಲಿ ಅದನ್ನು ಅಗಲಿಸಿ ಗಿಬ್ಸನ್‌ಗೆ ಹತ್ತಿರ ತಂದರು, ಈಚಿನ ಕೆಲವು ದುಬಾರಿ ಎಪಿಫೋನ್‌ಗಳಿಗೆ ಪುಸ್ತಕದ ಅಂಚೇ ಬಂದಿದೆ. ಹಾಗಾಗಿ ಇನ್ನು ಮುಂದೆ ಗೆರೆಯೊಂದೇ ಸಾಲದು, ಹೆಸರು ಮತ್ತು ತಲೆಯ ಹಿಂಭಾಗವನ್ನೂ ಓದಲೇಬೇಕು. ಲೆಸ್ ಪಾಲ್ ಆಕಾರವಿದ್ದು ನೆಕ್ ನಾಲ್ಕು ಸ್ಕ್ರೂಗಳಿಂದ ಜೋಡಿಸಿದ್ದರೆ ಅದು ಗಿಬ್ಸನ್ ಲೆಸ್ ಪಾಲ್ ಅಲ್ಲ, ಎಪಿಫೋನ್ ಸ್ಪೆಷಲ್ ಟೂನಂಥ ಆರಂಭಿಕ ಮಾದರಿ ಅಥವಾ ಬೇರೆ ಕಂಪನಿಯ ಕಾಪಿ.

ಫೋಟೊದಲ್ಲಿ ಏನೂ ಸ್ಪಷ್ಟವಾಗದಿದ್ದರೆ ಒಂದು ಅಳತೆಪಟ್ಟಿ ಸಾಕು. ನಟ್‌ನಿಂದ ಹನ್ನೆರಡನೆಯ ಫ್ರೆಟ್‌ವರೆಗಿನ ದೂರ ಕೇಳಿ. ಫೆಂಡರ್ ಸ್ಟ್ರಾಟ್, ಟೆಲಿಗಳಲ್ಲಿ ಅದು 324 ಮಿಲಿಮೀಟರ್, ಗಿಬ್ಸನ್ ಲೆಸ್ ಪಾಲ್, ಎಸ್‌ಜಿಗಳಲ್ಲಿ ಸುಮಾರು 313. ಲೆಸ್ ಪಾಲ್ ಎಂದು ಹೇಳಿದ ಗಿಟಾರಿನಲ್ಲಿ 324 ಬಂದರೆ ಅದು ಗಿಬ್ಸನ್ ಅಲ್ಲ. ಸರಿಯಾದ ಅಳತೆ ಬಂದ ಮಾತ್ರಕ್ಕೆ ಅಸಲಿ ಎಂದು ಸಾಬೀತಾಗುವುದಿಲ್ಲ, ಒಳ್ಳೆಯ ಕಾಪಿಗಳೂ ಅಳತೆ ಸರಿಯಿಡುತ್ತವೆ.

ಅಕೂಸ್ಟಿಕ್ ಗಿಟಾರಿನಲ್ಲಿ ಆಕಾರದ ಸಾಕ್ಷ್ಯ ಇನ್ನೂ ದುರ್ಬಲ. ಅಂಗಡಿಯಲ್ಲಿ ಕಾಣುವ ಅಗಲ ಭುಜದ ಡ್ರೆಡ್‌ನಾಟ್ ಬಾಡಿ ಮೂಲದಲ್ಲಿ ಅಮೆರಿಕದ ಮಾರ್ಟಿನ್ ಕಂಪನಿಯದು. 1916ರಲ್ಲಿ ಡಿಟ್ಸನ್ ಎಂಬ ವ್ಯಾಪಾರಿಗಾಗಿ ಮಾಡಿದ್ದನ್ನು 1931ರಿಂದ ತನ್ನ ಹೆಸರಿನಲ್ಲಿ ಮಾರತೊಡಗಿತು. ಈಗ ಎಲ್ಲರೂ ಅದನ್ನೇ ಮಾಡುತ್ತಾರೆ. ಮಾರ್ಟಿನ್ ತಲೆ ನೇರ ಅಂಚಿನ ಸರಳ ಹಲಗೆಯಾದ್ದರಿಂದ ಅದನ್ನು ಹೋಲುವ ತಲೆಗಳೂ ಬೇಕಾದಷ್ಟಿವೆ. ಇಲ್ಲಿ ತಲೆಗಿಂತ ಮೊದಲು ಸೌಂಡ್ ಹೋಲ್ ಒಳಗೆ ಟಾರ್ಚ್ ಬಿಡಿ. ಯಮಾಹಾ ಕಂಪನಿ ಒಳಗಿನ ಚೀಟಿಯಲ್ಲಿ ಮಾದರಿಯ ಸಂಖ್ಯೆ ಮುದ್ರಿಸುತ್ತದೆ, ಮಾರ್ಟಿನ್ ನೆಕ್ ಬುಡದ ಮರದ ಮೇಲೆ ಒತ್ತಿರುತ್ತದೆ.

ಭಾರತದಲ್ಲಿ ಕೊಳ್ಳುವವರು ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಓದಬೇಕು. ಗಿವ್ಸನ್ ಎಂಬುದು ಕೋಲ್ಕತ್ತದ ಕಂಪನಿ, ಅಮೆರಿಕದ ಗಿಬ್ಸನ್‌ಗೂ ಅದಕ್ಕೂ ಸಂಬಂಧವಿಲ್ಲ. ಹೋಬ್ನರ್ ಭಾರತದ್ದು, ಹೋನರ್ ಜರ್ಮನಿಯದು. ಕಡಿಮೆ ಬೆಲೆಗೆ ಕಲಿಯಲು ಈ ಗಿಟಾರ್‌ಗಳನ್ನು ಕೊಂಡವರು ನಮ್ಮಲ್ಲಿ ಬಹಳ ಜನ. ಆದರೆ ಗಿಬ್ಸನ್ ಎಂದುಕೊಂಡು ಗಿವ್ಸನ್ ಕೊಳ್ಳಬಾರದು. ತಲೆಯ ನಡುವೆ ಎರಡು ಉದ್ದ ಸೀಳುಗಳಿದ್ದು, ಅವುಗಳಲ್ಲಿ ದಪ್ಪ ಪ್ಲಾಸ್ಟಿಕ್ ಉರುಳೆಗಳಿದ್ದರೆ ಅದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್. ಅದಕ್ಕೆ ಉಕ್ಕಿನ ತಂತಿ ಹಾಕಿದರೆ ಎಳೆತ ತಾಳದೆ ಬ್ರಿಡ್ಜ್ ಎದ್ದು ಬರುತ್ತದೆ. ಯಾರೋ ಹಾಗೆ ಹಾಕಿ ಮಾರುತ್ತಿದ್ದರೆ ಬ್ರಿಡ್ಜ್ ಹಿಂದಿನ ಹಲಗೆ ಉಬ್ಬಿದೆಯೇ ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಮಿತಿ ಉಳಿಯುತ್ತದೆ. ಅಸಲಿ ಗಿಟಾರೊಂದರ ಸೀರಿಯಲ್ ನಂಬರನ್ನು ನಕಲಿಯ ಮೇಲೆ ಹಾಗೇ ಬರೆಯುವವರಿದ್ದಾರೆ. ಕಂಪನಿಯ ತಾಣದಲ್ಲಿ ನಂಬರ್ ಸಿಕ್ಕಿತೆಂಬುದರಿಂದ ಅಂಥ ಗಿಟಾರ್ ಒಂದು ಇದೆ ಎಂದಷ್ಟೇ ತಿಳಿಯುತ್ತದೆ. ನಂಬರ್ ಹೇಳುವ ಮಾದರಿ, ಬಣ್ಣ, ವರ್ಷಗಳು ಕೈಯಲ್ಲಿರುವುದಕ್ಕೆ ಹೊಂದುತ್ತವೆಯೇ ಎಂದು ತಾಳೆ ನೋಡಬೇಕು. ಬೆಲೆ ದೊಡ್ಡದಾದರೆ ಗಿಟಾರ್ ರಿಪೇರಿ ಮಾಡುವವರ ಬಳಿ ಒಯ್ದು ನೆಕ್ ಬಿಚ್ಚಿಸಿ ನೋಡುವುದು ಒಳ್ಳೆಯದು. ಫೆಂಡರ್ ಬಗೆಯವುಗಳಲ್ಲಿ ನಾಲ್ಕು ಸ್ಕ್ರೂ ತೆಗೆದರೆ ಬುಡದಲ್ಲಿ ಕಾರ್ಖಾನೆಯ ಮುದ್ರೆಗಳು ಕಾಣುತ್ತವೆ.

ಮಾರುವವರೊಂದಿಗೆ ಬೆಲೆ ಮಾತಾಡುವ ಮೊದಲು ಐದು ಫೋಟೊ ಕೇಳಿ: ಪೂರ್ತಿ ಮುಂಭಾಗ, ತಲೆಯ ಮುಂಭಾಗ, ತಲೆಯ ಹಿಂಭಾಗ, ಬಾಡಿಗೆ ನೆಕ್ ಸೇರುವ ಹಿಂಭಾಗ, ಮತ್ತು ಬ್ರಿಡ್ಜ್. ಪ್ರಾಮಾಣಿಕವಾಗಿ ಮಾರುವವರಿಗೆ ಇದು ಐದು ನಿಮಿಷದ ಕೆಲಸ. ತಲೆಯ ಹಿಂಭಾಗದ ಫೋಟೊ ಕೊಡಲು ಒಪ್ಪದವರಿಗೆ ಒಂದು ರೂಪಾಯಿ ಮುಂಗಡವನ್ನೂ ಕಳಿಸಬೇಡಿ.